ಲಾಭದ ಹುಣಸೆ ಬೀಜ

ನಿಜಾಮರ ಕಾಲದ ಮಣ್ಣೂರಿನಲ್ಲಿ ನಮ್ಮಪ್ಪ ಕಣದಿಂದ ಕಣಕ್ಕೆ ಹೋಗಿ ಜೋಳ ಅಳೆದುಕೊಡುತ್ತಿದ್ದ. ಓದು ಬಾರದಿದ್ದರೂ ಲೆಕ್ಕದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಬ. ಒಂಬತ್ತು ವರ್ಷದ ನಾನೂ ಜಂಬದಲ್ಲಿ ಅವನ ಮಗಳೇ. ಶಾಲೆಗೆ ಸೇರಿಸುವಾಗಲೇ ಕರಾರು ಹಾಕಿದ್ದ: ಲೆಕ್ಕ ತಪ್ಪಿದ ದಿನ ಶಾಲೆ ಬಂದ್.

ಒಂದು ಮಧ್ಯಾಹ್ನ ಕಣದ ಬದಿಯಲ್ಲಿ ಹುಣಸೆ ಬೀಜ ಜೋಡಿಸುತ್ತ ಕೂತಿದ್ದೆ. ಮೊದಲು ಒಂದು ಬೀಜ. ಬಲಕ್ಕೊಂದು, ಕೆಳಗೊಂದು, ಮೂಲೆಗೊಂದು, ಹೀಗೆ ಮೂರು ಇಟ್ಟರೆ ಎರಡು ಸಾಲಿನ ಚೌಕ. ಅದರ ಬಲಕ್ಕೆರಡು, ಕೆಳಗೆರಡು, ಮೂಲೆಗೊಂದು, ಒಟ್ಟು ಐದು ಇಟ್ಟರೆ ಮೂರು ಸಾಲಿನ ಚೌಕ. ಮುಂದಿನದಕ್ಕೆ ಏಳು. ಚೌಕ ದೊಡ್ಡದಾದಂತೆ ಬಲಕ್ಕೂ ಕೆಳಗೂ ಒಂದೊಂದು ಜಾಸ್ತಿ ಬೇಕು, ಅದಕ್ಕೇ ಪ್ರತಿ ಸಲ ಎರಡು ಹೆಚ್ಚು! ಒಂದರಿಂದ ಸಾಲಾಗಿ ಎಷ್ಟು ಬೆಸಸಂಖ್ಯೆ ಕೂಡುತ್ತೇವೋ ಅಷ್ಟು ಸಾಲಿನ ಚೌಕ. ಖುಷಿ ತಡೆಯಲಾಗಲಿಲ್ಲ.

“ಯಪ್ಪಾ, ಒಂದು, ಮೂರು, ಐದು ಅಂತ ಹತ್ತೊಂಬತ್ತರ ತನಕ ಕೂಡಿದ್ರ ನೂರು! ಹತ್ತು ಸಂಖ್ಯೆ ಅದಾವ, ಹತ್ತ ಹತ್ಲೆ ನೂರು.”

ಅಪ್ಪ ಬೆರಳು ಮಡಚಿದ. “ಲಾಭ... ಮೂರು. ಮೂರೂ ಐದೂ ಎಂಟು. ಎಂಟೂ ಏಳೂ ಹದಿನೈದು...” ಕೊನೆಗೆ ಮುಖ ಗಂಟು ಹಾಕಿದ. ಮತ್ತೊಮ್ಮೆ ಕೂಡಿದ. “ತೊಂಬತ್ತೊಂಬತ್ತು! ನಾಳಿಂದ ಸಾಲಿ ಬಂದ್. ನಿಮ್ಮವ್ವನ ಕೂಡ ರೊಟ್ಟಿ ಬಡಿ.”

ಅಳುತ್ತಲೇ ಚೌಕ ಬೆಳೆಸಿದೆ. ಕೊನೆಯ ಸುತ್ತಿಗೆ ಬಲಕ್ಕೆ ಒಂಬತ್ತು, ಕೆಳಗೆ ಒಂಬತ್ತು, ಮೂಲೆಗೊಂದು, ಹತ್ತೊಂಬತ್ತು. ಅಪ್ಪ ಎಣಿಸಿದ: ಹತ್ತು ಸಾಲು, ಸಾಲಿಗೆ ಹತ್ತು.

“ಒಂದು ಹೆಚ್ಚಿಗಿ ಎಲ್ಲಿಂದ ಬಂತಬೇ?” ಎಂದು ಮೊದಲ ಬೀಜದ ಮೇಲೆ ಬೆರಳಿಟ್ಟು ಮತ್ತೆ ಕೂಡತೊಡಗಿದ. “ಲಾಭ...”

ನಾನು ಗಪ್ಪನೆ ಅವನ ಬೆರಳು ಹಿಡಿದೆ. “ಇದನ್ನ ಕೂಡೇ ಇಲ್ಲಲ್ಲ ನೀ!”

ಕಾಳು ಅಳೆಯುವವರು ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ಶುಭವಾಗಲೆಂದು ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಎಣಿಸುವಾಗ ಅದರಿಂದ ತೊಂದರೆಯಿಲ್ಲ. ಕೂಡುವಾಗ ಮಾತ್ರ ಅಪ್ಪ ಲಾಭ ಎಂದು ಭಕ್ತಿಯಿಂದ ಹೇಳಿ, ಅದನ್ನು ಅಲ್ಲೇ ಬಿಟ್ಟು ಮೂರರಿಂದ ಶುರು ಮಾಡಿದ್ದ.

ಅವನು ಬಾಯಿ ಬಿಟ್ಟುಕೊಂಡು ಆ ಬೀಜವನ್ನೇ ನೋಡಿದ. ಆದರೂ ಸೋಲಲೊಲ್ಲ. “ಮೂವತ್ತೊಂಬತ್ತರ ತನಕ?”

“ಇಪ್ಪತ್ತು ಸಂಖ್ಯೆ. ಇಪ್ಪತ್ತ ಇಪ್ಪತ್ಲೆ ನಾಕನೂರು.”

ಅಪ್ಪ ಕಣವೆಲ್ಲ ತಿರುಗಿ ನೋಡುವಂತೆ ನಕ್ಕ. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಹೊತ್ತೇರಿದ್ದರೂ ನಾನು ಇನ್ನೂ ಕಣದಲ್ಲೇ ಆಡುತ್ತಿದ್ದೆ. ಅಪ್ಪ ಮೊದಲ ಸೇರು ತುಂಬಿ “ಲಾಭ” ಎಂದು ಗಟ್ಟಿಯಾಗಿ ಕೂಗಿದ. ನನ್ನತ್ತ ನೋಡಿ ಮೆಲ್ಲಗೆ, “ಒಂದು” ಎಂದ. ಆಮೇಲೆ ಗದರಿದ: “ಇನ್ನಾ ಇಲ್ಲೇ ಅದೀಯಲ್ಲ, ಸಾಲಿಗಿ ಹೊತ್ತಾತು, ಓಡು!”