ಅಸಾದುಲ್ಲಾನ ಹದಿನೈದು ದಿನ

ಸಕಲೇಶಪುರದ ಪೇಟೆಯಲ್ಲಿ ಗೋಣಿಚೀಲಕ್ಕೆ ತೇಪೆ ಹಾಕಿಸುವ ಕೆಲಸ ಮೊದಲು ಮಹಮ್ಮದ್ ಇಸ್ಮಾಯಿಲನದು. ಮಾತಾಡಿ ಕೆಲಸ ತರುತ್ತಿದ್ದವನು ಅವನು, ಹೆಂಗಸರನ್ನು ಶೆಡ್ಡಿನಲ್ಲಿ ಕೂರಿಸಿ ಹೊಲಿಸುತ್ತಿದ್ದವಳು ಅವನ ಹೆಂಡತಿ ಮರಿಯಮ್ ಬೀ. ತೋಟದವರು "ಯಾವಾಗ ಸಿಗುತ್ತೆ?" ಅಂತ ಕೇಳಿದರೆ ಇಸ್ಮಾಯಿಲ್ ತಲೆ ಕೆರೆದುಕೊಂಡು, "ಮನೇಲಿ ಕೇಳ್ಕೊಂಡು ಹೇಳ್ತೀನಿ ಸಾಹುಕಾರ್ರೇ" ಅನ್ನುತ್ತಿದ್ದ. ಮರಿಯಮ್ ಬೀ ಹೇಳಿದ ವಾರಕ್ಕೆ ಚೀಲ ಹೊರಡುತ್ತಿದ್ದವು.

ಇಸ್ಮಾಯಿಲ್ ಜ್ವರ ಬಂದು ತೀರಿಕೊಂಡ. ನಲವತ್ತು ದಿನದ ಫಾತಿಹಾ ಪ್ರಾರ್ಥನೆ ಆದ ಮಾರನೇ ದಿನ ಅವನ ತಮ್ಮ ಅಸಾದುಲ್ಲಾ ಶೆಡ್ಡಿಗೆ ಬೇರೆ ಬೀಗ ಹಾಕಿದ. ಅತ್ತಿಗೆ ಬಾಗಿಲಿಗೆ ಬಂದು ನಿಂತಾಗ, ಪೇಟೆಯ ನಾಲ್ಕು ಜನ ಹಿರಿಯರು ನೋಡುತ್ತಿದ್ದಂತೆ ಅಂದ:

"ಭಾಭಿ, ಚೀಲ ಹೊಲಿಯೋ ಹುರಿ ಉಂಡೆ ಉಂಡೆಯಾಗಿ ಮಾಯ ಆಗಿದೆ. ಅಣ್ಣನ ಮುಖ ನೋಡ್ಕೊಂಡು ಸುಮ್ನಿದ್ದೆ. ಇನ್ನು ನೀವು ಮನೇಲಿರಿ."

ಕಳ್ಳಿ ಅಂತ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ. ಹಿರಿಯರು ಗಡ್ಡ ನೀವಿಕೊಂಡು ನೆಲ ನೋಡಿದರು. ಮರಿಯಮ್ ಬೀ ಅಳಲಿಲ್ಲ. ಸೆರಗು ಬಿಗಿಯಾಗಿ ಎಳೆದುಕೊಂಡು ಮನೆಗೆ ಹೋದಳು. ಆವತ್ತಿನಿಂದ ಪ್ರತಿ ನಮಾಜಿನ ಕೊನೆಗೂ ಅವಳು ಬೇಡಿಕೊಂಡಿದ್ದು ಒಂದೇ: ಇದೇ ನಾಲ್ಕು ಜನರ ಎದುರು ಅವನ ತಲೆ ಬಗ್ಗಬೇಕು.

ಹೊಟ್ಟೆಪಾಡಿಗೆ ಕೇರಿಯ ಐದು ಹೆಂಗಸರನ್ನು ಸೇರಿಸಿಕೊಂಡಳು. ಬೆಳಗ್ಗೆ ಅವರವರ ಮನೆಗೆಲಸ. ಮಧ್ಯಾಹ್ನ ಉಂಡ ಮೇಲೆ ನಾಲ್ಕು ಗಂಟೆ ಹೊತ್ತು ಮರಿಯಮ್ ಬೀಯ ಜಗಲಿಯಲ್ಲಿ ದಬ್ಬಣ ಹಿಡಿಯುತ್ತಿದ್ದರು. ಅಂಗಡಿಯವರ ಅಕ್ಕಿ ಚೀಲ, ಉಪ್ಪಿನ ಚೀಲ, ಇಂಥ ಸಣ್ಣಪುಟ್ಟ ಕೆಲಸ.

ಒಂದು ವರ್ಷ ಹೀಗೇ ಕಳೆಯಿತು. ಮುಂದಿನ ಸಂಕ್ರಾಂತಿ ಮುಗಿದ ಮೇಲೆ ಯಸಳೂರಿನ ಕಡೆಯ ದೊಡ್ಡ ತೋಟದ ವೀರಭದ್ರಯ್ಯ ಜೀಪಿನಲ್ಲಿ ಶೆಡ್ಡಿಗೆ ಬಂದರು. ಅಸಾದುಲ್ಲಾ ಬಾಡಿಗೆಗೆ ಹಿಡಿದಿದ್ದ ಆ ಶೆಡ್ ಅವರದೇ. ಕಣದಲ್ಲಿ ಕಾಫಿ ಒಣಗುತ್ತಿತ್ತು, ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಕಳಿಸಲು ಚೀಲ ಬೇಕಿತ್ತು. ಸಾವಿರದ ಒಂಬೈನೂರ ಇಪ್ಪತ್ತು ಹಳೇ ಚೀಲ, ಎಲ್ಲಕ್ಕೂ ತೇಪೆ ಆಗಬೇಕು. ಆ ಹೊತ್ತಿಗೆ ಮರಿಯಮ್ ಬೀ ಪಕ್ಕದ ಅಂಗಡಿಗೆ ಹೊಲಿದ ಚೀಲ ಕೊಡಲು ಬಂದಿದ್ದಳು.

ಅಸಾದುಲ್ಲಾ ಬೆರಳು ಮಡಿಸಿದ. "ಗಂಟೆಗೆ ಒಬ್ಬಳು ನಾಲ್ಕು ಚೀಲ ಹೊಲೀತಾಳೆ. ಅಲ್ಲಿಗೆ ನಾನೂರ ಎಂಬತ್ತು ಗಂಟೆ ಕೆಲಸ. ನನ್ನ ಹತ್ರ ನಾಲ್ಕು ಹೆಂಗಸರು, ದಿನಕ್ಕೆ ಎಂಟೆಂಟು ಗಂಟೆ. ಹದಿನೈದು ದಿನ ಸಾಹುಕಾರ್ರೇ. ಸೋಮವಾರ ಹಿಡಿದ್ರೆ, ಭಾನುವಾರದ ರಜ ಬಿಟ್ಟು, ಮೂರನೇ ವಾರದ ಬುಧವಾರ ಸಾಯಂಕಾಲ ಲಾರಿ ಕಳಿಸಿ."

ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಆ ನಾಲ್ವರನ್ನೂ ವರ್ಷಗಟ್ಟಲೆ ಕೂರಿಸಿ ಹೊಲಿಸಿದವಳು ಮರಿಯಮ್ ಬೀ. ರಾಮಮ್ಮ ವಾರದ ಮೊದಲ ಮೂರು ದಿನ ಬರುವವಳು, ಆಮೇಲೆ ತೋಟದ ಕೂಲಿ. ಇಂದ್ರಮ್ಮ ಕೊನೆಯ ಮೂರು ದಿನ. ಸಾಲೇಹಾ ಗುರುವಾರ ಸಂತೆಯಲ್ಲಿ ಬಳೆ ಮಾರುತ್ತಾಳೆ, ಶುಕ್ರವಾರ ಅರ್ಧ ದಿನ. ಆಯಿಷಾಗೆ ಕೈಗೂಸು, ವಾರದ ಕೊನೆಯ ಮೂರು ದಿನ ಮಧ್ಯಾಹ್ನ ಮಾತ್ರ ಬರುತ್ತಾಳೆ. ರಾಮಮ್ಮಂದು ಇಪ್ಪತ್ತನಾಲ್ಕು ಗಂಟೆ, ಇಂದ್ರಮ್ಮಂದು ಇಪ್ಪತ್ತನಾಲ್ಕು, ಸಾಲೇಹಾದು ಮೂವತ್ತಾರು, ಆಯಿಷಾದು ಹನ್ನೆರಡು. ವಾರಕ್ಕೆ ಸಿಗುವುದು ತೊಂಬತ್ತಾರೇ ಗಂಟೆ. ಐದು ವಾರದ ಕೆಲಸ ಅದು. ಇವನು ಎರಡೂವರೆ ವಾರ ಅಂದುಬಿಟ್ಟ.

ವೀರಭದ್ರಯ್ಯನವರ ಕಣ್ಣು ಅವಳ ಮೇಲೆ ಬಿತ್ತು. "ಏನಮ್ಮ ಮರಿಯಮ್ ಬೀ, ಮೊದಲು ದಿನ ಹೇಳ್ತಿದ್ದೋಳು ನೀನು. ಹದಿನೈದು ದಿನದಲ್ಲಿ ಆಗ್ತದಾ? ಲಾರಿ ಗೊತ್ತು ಮಾಡ್ಬುಟ್ಟು ಆಮೇಲೆ ಬಾಯಿ ಬಾಯಿ ಬಿಡೋ ಹಂಗಾಗಬಾರದು."

ಅಸಾದುಲ್ಲಾ ನಕ್ಕ. "ಅವರನ್ನೇನು ಕೇಳ್ತೀರಿ? ಕೆಲಸ ಬಿಟ್ಟು ವರ್ಷ ಆಯ್ತು."

ಆ ನಗು ಇಲ್ಲದಿದ್ದರೆ ಅವಳು ನಿಜ ಹೇಳುತ್ತಿದ್ದಳೋ ಏನೋ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಶೆಡ್ ನಡೆಸೋರು ಅವರು. ಅವರ ಮಾತು ಅವರಿಗೆ ಗೊತ್ತಿರುತ್ತೆ" ಅಂದಳು. ಮನೆಯ ದಾರಿಯಲ್ಲಿ ಬೆರಳು ಮಡಿಸಿ ಇನ್ನೊಂದು ಸಲ ಲೆಕ್ಕ ಹಾಕಿದಳು. ಅನುಮಾನಕ್ಕಲ್ಲ, ಖುಷಿಗೆ.

ಮೂರನೇ ವಾರದ ಬುಧವಾರ ಸಾಯಂಕಾಲ ಲಾರಿ ಬಂತು. ಶೆಡ್ಡಿನ ಒಂದು ಮೂಲೆಯಲ್ಲಿ ಹೊಲಿದ ಚೀಲದ ಅಟ್ಟಿ, ಇನ್ನೊಂದು ಮೂಲೆಯಲ್ಲಿ ಅಷ್ಟೇ ಎತ್ತರಕ್ಕೆ ಹರಕು ಚೀಲ. ಸರಿಯಾಗಿ ಅರ್ಧ. ವೀರಭದ್ರಯ್ಯ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅಸಾದುಲ್ಲಾ ಹೆಂಗಸರ ಕಡೆ ಕೈ ತೋರಿಸಿದ. "ಮೈಗಳ್ಳಿಯರು ಸಾಹುಕಾರ್ರೇ, ಇವರಿಂದ ಹಾಳಾದೆ!" ಆವತ್ತು ಅಲ್ಲಿದ್ದವರು ರಾಮಮ್ಮ, ಸಾಲೇಹಾ ಇಬ್ಬರೇ. ಇಬ್ಬರನ್ನೂ ನಾಳೆಯಿಂದ ಬರಬೇಡಿ ಅಂತ ಅಲ್ಲೇ ಅಟ್ಟಿದ.

ಮರಿಯಮ್ ಬೀ ತನ್ನ ಜಗಲಿಯಲ್ಲೇ ಕೂತು ಕಾದಳು. ಅವಳು ಎಣಿಸಿದಂತೆಯೇ ಮಾರನೇ ಬೆಳಗ್ಗೆ ಜೀಪು ಬಾಗಿಲಿಗೆ ಬಂದು ನಿಂತಿತು.

"ಉಳಿದಿದ್ದು ಯಾವತ್ತು ಕೊಡ್ತೀಯಮ್ಮ?" ವೀರಭದ್ರಯ್ಯ ಕೇಳಿದರು.

"ಉಳಿದಿರೋದು ಇನ್ನೂರ ನಲವತ್ತು ಗಂಟೆ ಕೆಲಸ. ನನ್ನ ಐದು ಜನ ದಿನಕ್ಕೆ ನಾಲ್ಕೇ ಗಂಟೆ ಕೂರೋರು. ದಿನಕ್ಕೆ ಇಪ್ಪತ್ತು, ಆರು ದಿನಕ್ಕೆ ನೂರ ಇಪ್ಪತ್ತು. ಬರೋ ಸೋಮವಾರ ಹಿಡಿದ್ರೆ ಎರಡು ವಾರ. ಎರಡನೇ ಶನಿವಾರ ಲಾರಿ ತನ್ನಿ."

"ಒಂದೇ ವಾರದಲ್ಲಿ ಮಾಡಿಕೊಡು ತಾಯಿ."

"ಆಗಲ್ಲ ಸಾಹುಕಾರ್ರೇ. ಆಗುತ್ತೆ ಅಂದೋರ ಕತೆ ನಿನ್ನೆ ನೋಡಿದ್ರಲ್ಲ." ಮಾತು ಮುಂದುವರಿಸಿದಳು, "ನನಗೆ ಎರಡು ಬೇಕು. ಶೆಡ್ಡಿನ ಬೀಗದಕೈ. ಆಮೇಲೆ, ಹುರಿ ವಿಷಯ ಅಸಾದುಲ್ಲಾ ಯಾರ ಎದುರು ಆಡಿದನೋ ಅವರ ಎದುರೇ ವಾಪಸ್ ತಗೋಬೇಕು."

ವೀರಭದ್ರಯ್ಯನವರಿಗೆ ಬೇರೆ ದಾರಿ ಇರಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಅದೇ ನಾಲ್ಕು ಜನ ಹಿರಿಯರು ಶೆಡ್ಡಿನ ಬಾಗಿಲಲ್ಲಿ ನಿಂತರು. ಅಸಾದುಲ್ಲಾ ನೆಲ ನೋಡುತ್ತಾ, "ಭಾಭಿ ಹುರಿ ಕದ್ದಿರ್ಲಿಲ್ಲ" ಅಂದ.

"ಕೇಳಿಸ್ಲಿಲ್ಲ" ಅಂದಳು ಮರಿಯಮ್ ಬೀ.

ಅವನು ಗಟ್ಟಿಯಾಗಿ ಹೇಳಿದ. ಅಷ್ಟಕ್ಕೂ ಅವಳ ಕಿಚ್ಚು ತಣಿಯಲಿಲ್ಲ. ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, "ನೀನು ತಲೆ ಎಣಿಸಿದೆ ಅಸಾದ್. ಆ ತಲೆಗಳು ವಾರದಲ್ಲಿ ಎಷ್ಟು ಹೊತ್ತು ನಿನ್ನ ಶೆಡ್ಡಲ್ಲಿ ಇರ್ತವೆ ಅಂತ ಒಂದಿನಾನಾದ್ರೂ ಕೇಳಿದ್ಯಾ? ನಿಮ್ಮಣ್ಣ ಕೇಳ್ತಿದ್ರು" ಅಂದಳು. ಅವನು ಸೇತುವೆ ಕಡೆಗೆ ನಡೆದ. ಒಂದು ತಿಂಗಳು ಕಳೆಯುವುದರೊಳಗೆ ಆಲೂರಿನಲ್ಲಿ ಯಾರದೋ ಲಾರಿಗೆ ಕ್ಲೀನರ್ ಆಗಿ ಸೇರಿದನಂತೆ ಅಂತ ಸುದ್ದಿ ಬಂತು. ಅದನ್ನು ಹೇಳಿದವನ ಕೈಯಲ್ಲಿ ಅವಳು ಎರಡು ಸಲ ಹೇಳಿಸಿ ಕೇಳಿದಳು.

ಎರಡನೇ ಶನಿವಾರ ಲಾರಿ ತುಂಬಿ ಹೊರಟಿತು. ಸೋಮವಾರ ಮರಿಯಮ್ ಬೀ ರಾಮಮ್ಮನ ಮನೆಗೆ ಹೋದಳು. ತೋಟದ ಹಣ್ಣು ಕೊಯ್ಲು ಮುಗಿದಿತ್ತು, ಅಲ್ಲೂ ಕೂಲಿ ಇರಲಿಲ್ಲ. ರಾಮಮ್ಮ ಬಾಗಿಲಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು.

"ಶೆಡ್ಡಿಗೆ ಬಾ ರಾಮಮ್ಮ. ಮೊದಲಿನ ಹಂಗೇ ಮೂರು ದಿನ. ಸಾಲೇಹಾನೂ ಬಂದವಳೆ."

ರಾಮಮ್ಮ ತಲೆ ಎತ್ತಲಿಲ್ಲ. "ಸಾಹುಕಾರ್ರು ಕೇಳ್ದಾಗ ನೀನು ಅಲ್ಲೇ ಇದ್ದೆಯಂತೆ?"

"ಇದ್ದೆ."

"ನಾನು ಮೂರೇ ದಿನ ಬರೋಳು ಅಂತ ನಿಂಗೆ ಗೊತ್ತಿತ್ತು. ಒಂದು ಮಾತು ಆಡಿದ್ರೆ ನಾನು ಬೀದೀಲಿ ಮೈಗಳ್ಳಿ ಅನ್ನಿಸ್ಕೊತಿರ್ಲಿಲ್ಲ. ನಿನ್ನ ಹಗೆ ತೀರ್ತು. ನನ್ನ ಮೇಲಿನ ಮಾತು ಯಾರು ವಾಪಸ್ ತಗೋತಾರೆ?"

ಅಸಾದುಲ್ಲಾನಿಗೆ ಹೀಗೇ ಆಗಬೇಕಿತ್ತು ಅನ್ನುವುದರಲ್ಲಿ ಮರಿಯಮ್ ಬೀಗೆ ಆಗಲೂ ಅನುಮಾನ ಇರಲಿಲ್ಲ, ಸಾಯುವವರೆಗೂ ಬರಲಿಲ್ಲ. ಆದರೆ ರಾಮಮ್ಮನ ಎದುರು ಅದನ್ನು ಹೇಳಲು ನಾಲಿಗೆ ಏಳಲಿಲ್ಲ. "ಜಾಗ ಇಟ್ಟಿರ್ತೀನಿ" ಅಂದು ಹೊರಟಳು. ರಾಮಮ್ಮ ಆ ಬೇಸಿಗೆಯಲ್ಲಿ ಬರಲಿಲ್ಲ, ಮಳೆಗಾಲಕ್ಕೂ ಬರಲಿಲ್ಲ.