ಹಳದಿ ಶಾಲಿನ ಫೋಟೊ

ಕಪಾಟು ತೆರೆದರೆ ನುಸಿಗುಳಿಗೆಯ ವಾಸನೆ, ಅದರ ನಡುವೆ ನನ್ನ ಹಳೆಯ ಹಳದಿ ಶಾಲು. ನಾನು ಹುಡುಕುತ್ತಿದ್ದದ್ದು ನನ್ನ ನೀಲಿ ಸೀರೆಯನ್ನು. ಮರುದಿನ ಅಕ್ಕನ ಮಗಳು ದೀಕ್ಷಾಳ ಕಾಲೇಜಿನಲ್ಲಿ ಸೆಂಡಾಫ್. ಅವಳೋ, ಕೈಯಲ್ಲಿ ಮೊಬೈಲು ಹಿಡಿದು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ನಾನು ಹೋಗುದಿಲ್ಲ ಚಿಕ್ಕಮ್ಮ. ಎಲ್ಲರೂ ಈಗಲೇ ಸೀರೆ ಉಟ್ಟ ಫೋಟೊ ಹಾಕಿದ್ದಾರೆ. ಅವರ ಮಧ್ಯೆ ನಾನು ಎಂತ ನಿಲ್ಲುದು?"

ಉಪದೇಶ ನಾಲಿಗೆಯ ತುದಿಗೆ ಬಂದಿತ್ತು. ಶಾಲು ನನ್ನ ಬಾಯಿ ಮುಚ್ಚಿಸಿತು.

ನಿಮಗೆ ಸಫಿಯಾಳ ವಿಷಯ ಹೇಳಬೇಕು. ಕಕ್ಕಿಂಜೆಯವಳು, ಬೆಳ್ತಂಗಡಿಯ ಕಾಲೇಜಿನಲ್ಲಿ ನನ್ನ ಬೆಂಚಿನವಳು. ಒಂದು ದಿನ ಇಬ್ಬರೂ ಮೂಡುಬಿದಿರೆಗೆ ಹೋಗಿದ್ದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ವಾಂತಿ, ನನಗೆ ತಲೆನೋವು. ಬಸದಿಯ ದಾರಿಯಲ್ಲಿ ಕೆಂಪುಕಲ್ಲಿನ ಗೋಡೆ ಕಂಡದ್ದೇ ತಡ, "ಒಂದು ಫೋಟೊ ತೆಗಿ ಮಾರಾಯ್ತಿ, ನಿನ್ನ ಶಾಲು ಕೊಡು" ಎಂದಳು. ಕೊಟ್ಟೆ. ಫೋಟೊ ತೆಗೆದವಳೂ ನಾನೇ. ಕಣ್ಣು ಮುಚ್ಚಿದ್ದು, ಹಿಂದೆ ದನ ಬಂದದ್ದು ಎಲ್ಲ ಅಳಿಸಿ, ಒಂದನ್ನು ಆರಿಸಿ, ಬೆಳಕು ಹೆಚ್ಚಿಸಿ ಅವಳು ಹಾಕಿದಳು.

ಆ ಸಂಜೆ ಮಡಂತ್ಯಾರಿನ ನಮ್ಮ ಮನೆಯಲ್ಲಿ ಕೂತು ಅದನ್ನೇ ನೋಡಿದೆ. ಎಷ್ಟು ಲೈಕು, ಎಂಥ ನಗು! ಇವಳದ್ದು ಬದುಕು, ನನ್ನದೂ ಒಂದು ಬದುಕಾ ಎನಿಸಿತು. ಸಿನಿಮಾ ನಟಿಯರ ಫೋಟೊ ಎಂದೂ ಹಾಗೆ ಚುಚ್ಚಿರಲಿಲ್ಲ. ಒಂದೇ ಬೆಂಚಿನವಳದ್ದು ಚುಚ್ಚಿತು. ಬೇಸರ ಕಳೆಯಲೆಂದು ಪರದೆಯ ಮೇಲೆ ಬೆರಳು ಆಡಿಸುತ್ತ ಹೋದೆ. ಒಬ್ಬಳ ಹುಟ್ಟುಹಬ್ಬ, ಇನ್ನೊಬ್ಬಳ ಪ್ರವಾಸ. ಬೇಸರ ಇಮ್ಮಡಿಯಾಯಿತು. ಅಮ್ಮ ಕರೆದರೂ ಊಟಕ್ಕೆ ಏಳಲಿಲ್ಲ. ವಾಂತಿಯನ್ನು ಕಣ್ಣಾರೆ ಕಂಡವಳು ನಾನು, ಶಾಲೂ ನನ್ನದೇ. ಅದೊಂದೂ ತಲೆಗೆ ಹೊಳೆಯಲಿಲ್ಲ ನೋಡಿ. ಮನೆಯಲ್ಲಿ ಬುದ್ಧಿವಂತೆ ಎಂಬ ಹೆಸರು ಬೇರೆ!

ಇದನ್ನೆಲ್ಲ ಅವಳಿಗೂ ಹೇಳಿದಾಗ ದೀಕ್ಷಾ ಮೆಲ್ಲನೆ ಈಚೆ ಹೊರಳಿದಳು. ಸಫಿಯಾ ಈಗ ಕಡಲಾಚೆ ದಮಾಮಿನಲ್ಲಿದ್ದಾಳೆ. ಅವಳ ಹಳೆಯ ಫೋಟೊಗಳನ್ನೆಲ್ಲ ದಾಟಿ ಅದನ್ನು ಹುಡುಕಿ ತೋರಿಸಿದೆ.

"ಇವರು ಇಷ್ಟು ನಗುದು ಎಂತಕ್ಕೆ ಚಿಕ್ಕಮ್ಮ?"

ಆಗಲೇ ನನಗೆ ನೆನಪಾದದ್ದು. ಫೋಟೊ ತೆಗೆಯಲು ಹಿಂದೆ ಹಿಂದೆ ಹೋದ ನಾನು ಚರಂಡಿಗೆ ಕಾಲು ಹಾಕಿದ್ದೆ. ಒಂದು ಚಪ್ಪಲಿ ಕೆಸರಿನಲ್ಲಿ ಕಾಣೆಯಾಯಿತು. ಹೊಟ್ಟೆ ಹಿಡಿದು ನಕ್ಕು ಇಬ್ಬರೂ ರಸ್ತೆಯ ಬದಿಯಲ್ಲೇ ಕೂತುಬಿಟ್ಟಿದ್ದೆವು. ಆ ಸಂಜೆ ನಾನು ಹೊಟ್ಟೆಕಿಚ್ಚು ಪಟ್ಟದ್ದು ನಾನೇ ನಗಿಸಿದ ನಗುವಿಗೆ.

ದೀಕ್ಷಾ ಶಾಲನ್ನು ಮೂಗಿಗೆ ಹಿಡಿದು, "ಚರಂಡಿ ವಾಸನೆ ಇಲ್ಲ" ಎಂದಳು. ಅದನ್ನು ಮಡಚಿಟ್ಟು, "ಆ ನೀಲಿ ಸೀರೆಗೆ ಇಸ್ತ್ರಿ ಹಾಕುವ" ಎಂದು ಎದ್ದಳು. ಮೊಬೈಲು ಹಾಸಿಗೆಯಲ್ಲೇ ಉಳಿಯಿತು.

ಇಷ್ಟು ವರ್ಷ ಸಫಿಯಾಳ ಫೋಟೊಗಳಿಗೆ ಲೈಕು ಒತ್ತಿದ್ದೇ ಬಂತು, ಮಾತಾಡಿರಲಿಲ್ಲ. ಅವಳು ತುಂಬ ನೆನಪಾದಳು. ಫೋನು ಮಾಡಿ, "ಮೂಡುಬಿದಿರೆಯ ಫೋಟೊ ನೋಡಿದೆ" ಎಂದೆ.

ಹೇಗಿದ್ದೀ ಎಂದೂ ಕೇಳಲಿಲ್ಲ ಅವಳು. "ನಿನ್ನ ಚಪ್ಪಲಿ ಸಿಕ್ಕಿತಾ ಮಾರಾಯ್ತಿ?" ಎಂದಳು.