ಕಳೆದುಹೋದ ನಾಲ್ಕು ಗುಂಟೆ

ಆಗ ನಾನು ಕಡೂರು ಕಡೆಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದ ಅಭ್ಯಾಸದ ಹಾಳೆಯಲ್ಲಿ ಒಂದು ಪ್ರಶ್ನೆಯಿತ್ತು: ಬಾವಿಯಿರುವ ಎರಡು ಎಕರೆ ಹೊಲ ಒಟ್ಟು ಎಷ್ಟು ಗುಂಟೆ? ಎಕರೆಗೆ ನಲವತ್ತರಂತೆ ಎಂಬತ್ತು ಅನ್ನೋದು ಆ ಕಡೆ ಯಾರಿಗೆ ಗೊತ್ತಿಲ್ಲ? ನಾಲ್ಕು ಹಾಳೆಗಳಲ್ಲಿ ಮಾತ್ರ ಎಪ್ಪತ್ತಾರು! ಇಂಥ ವಿಚಿತ್ರ ತಪ್ಪು ನಾಲ್ವರಿಗೂ ಒಟ್ಟಿಗೆ ಹೊಳೆಯುವುದುಂಟೇ? ಮೈ ಉರಿಯಿತು. ಆದರೂ ಯಾರನ್ನೂ ಕಳ್ಳರೆನ್ನದೆ ಒಬ್ಬೊಬ್ಬರನ್ನೇ ಕರೆದು, "ಇದನ್ನ ಹೇಗೆ ಮಾಡಿದೆ, ಹೇಳು" ಎಂದೆ.

ಮೂವರು ಹುಡುಗರು ಪಕ್ಕದ ಸಾಲಿನ ಹುಡುಗಿಯ ಹಾಳೆ ನೋಡಿ ಬರೆದದ್ದೆಂದು ಕೊನೆಗೆ ಒಪ್ಪಿಕೊಂಡರು. ಆ ಹುಡುಗಿ ಮಾತ್ರ ತಡವರಿಸಲಿಲ್ಲ. "ಬಾವಿ ಜಾಗ ಖರಾಬು ಅಲ್ವಾ ಸಾ, ಉಳೋಕಾಗಲ್ಲ. ನಮ್ಮ ಹೊಲದ ಪಹಣೀಲಿ ಅದುಕ್ಕೆ ನಾಲ್ಕು ಗುಂಟೆ ಕಳ್ದವ್ರೆ" ಎಂದಳು.

ಹುಡುಗರಿಗೆ ಹೊಸ ಹಾಳೆ ಕೊಟ್ಟು ಮತ್ತೆ ಬರೆಸಿದೆ. ಎಂಬತ್ತು ಬರೆದರು, ಪೂರ್ತಿ ಅಂಕ ಕೊಟ್ಟೆ. ನ್ಯಾಯವಾಗಿ ನಡೆದುಕೊಂಡೆನೆಂದು ಒಳಗೊಳಗೇ ಬೀಗಿದೆ ಕೂಡ. ಸ್ವಂತ ತಲೆ ಓಡಿಸಿದ್ದವಳ ಉತ್ತರದ ಮೇಲೆ ನನ್ನ ಕೆಂಪು ಗೀಟು ಹಾಗೇ ಉಳಿಯಿತು. ಕದ್ದವರಿಗೆ ಇನ್ನೊಂದು ಹಾಳೆ ಕೊಟ್ಟ ಈ ದೊಡ್ಡ ಮನುಷ್ಯನಿಗೆ, ಅವಳಿಗೂ ಒಂದು ಕೊಡಬೇಕೆಂದು ಹೊಳೆಯಲೇ ಇಲ್ಲ.